ಪೂರಾ ಹತ್ತು ಸಾವಿರ ಕೊಡಬೇಕಾ, ಕೈಗೆ ಬಂದಷ್ಟೇ ಕೊಡಬೇಕಾ?

ಈ ಮಂಗಳವಾರದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಕೇಳಿದ್ದು ಗೋರಖ್‌ಪುರದ ಕಡೆಯ ಒಬ್ಬ ಹೆಂಗಸು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನಾವು ಬೆಂಗಳೂರಿನಲ್ಲಿ ಕೂತು ಒಂದು ಸಾಲದ ಆ್ಯಪ್‌ನ ಷರತ್ತುಗಳನ್ನು ಸರಳ ಹಿಂದಿಯಲ್ಲಿ ಬರೆಯುತ್ತಿದ್ದೇವೆ. ಬರೆದದ್ದು ಓದುವವರಿಗೆ ಅರ್ಥವಾಗುತ್ತದೋ ಇಲ್ಲವೋ ನೋಡಲು ಹೀಗೆ ಕೆಲವರಿಗೆ ಫೋನ್ ಮಾಡಿ ಓದಿಸುತ್ತೇವೆ.

ಅವರಿಗೆ ಕೊಟ್ಟದ್ದು ಸಾಲ ಬೇಡವೆನಿಸಿದರೆ ವಾಪಸ್ ಮಾಡುವ ಷರತ್ತು. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಾಲ ತೆಗೆದುಕೊಂಡ ಮೇಲೆ ಕನಿಷ್ಠ 1 ದಿನದ ಕೂಲಿಂಗ್ ಆಫ್ ಅವಧಿ ಕೊಡಬೇಕು, ಅಷ್ಟರಲ್ಲಿ ಬಿಟ್ಟುಕೊಟ್ಟರೆ ದಂಡ ಹಾಕುವಂತಿಲ್ಲ. ನಮ್ಮ ಆ್ಯಪ್‌ನಲ್ಲಿ 3 ದಿನ. ನಮ್ಮ ಹಿಂದಿ ಹೀಗಿತ್ತು: ‘ಆಪ್ 3 ದಿನ್ ಕೇ ಅಂದರ್ ಲೋನ್ ಕೀ ರಕಮ್ ಔರ್ ಉತ್ನೇ ದಿನೋಂ ಕಾ ಬ್ಯಾಜ್ ದೇಕರ್, ಬಿನಾ ಜುರ್ಮಾನೇ ಕೇ, ಲೋನ್ ಬಂದ್ ಕರ್ ಸಕ್ತೇ ಹೈಂ.’ 3 ದಿನದೊಳಗೆ ಸಾಲದ ಹಣ, ಅಷ್ಟು ದಿನದ ಬಡ್ಡಿ ಕೊಟ್ಟು ದಂಡವಿಲ್ಲದೆ ಸಾಲ ಮುಗಿಸಬಹುದು ಎಂದು.

ಸಲೀಸಾದ ವಾಕ್ಯ. ವಕೀಲರು ಒಪ್ಪಿದ್ದರು. ಹಿಂದಿ ಬರೆಯುವ ಕಾನ್ಪುರದ ಸಹೋದ್ಯೋಗಿಯೂ ಖುಷಿಯಾಗಿದ್ದಳು. ಆ ಹೆಂಗಸು ಜೋರಾಗಿ ಓದಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಕೇಳಿದರು: “ದೀದಿ, ಪೂರೇ ದಸ್ ಹಜಾರ್ ಲೌಟಾನೇ ಹೈಂ, ಯಾ ಜಿತ್ನೇ ಹಾಥ್ ಮೇಂ ಆಯೇ ಉತ್ನೇ?” ಪೂರಾ ಹತ್ತು ಸಾವಿರ ಕೊಡಬೇಕಾ, ಕೈಗೆ ಬಂದಷ್ಟೇ ಕೊಡಬೇಕಾ?

ನಾನು ತೋರಿಸಿದ್ದ ಉದಾಹರಣೆ 10,000 ರೂಪಾಯಿ ಸಾಲದ್ದು. ಪ್ರೊಸೆಸಿಂಗ್ ಫೀ 300, ಅದರ ಮೇಲೆ 18% ಜಿಎಸ್‌ಟಿ 54. ಅಷ್ಟನ್ನೂ ಮೊದಲೇ ಹಿಡಿದುಕೊಂಡು ಖಾತೆಗೆ ಹಾಕುವುದು 9,646. ವರ್ಷಕ್ಕೆ 24% ಬಡ್ಡಿ ಎಂದರೆ 3 ದಿನಕ್ಕೆ ಹೆಚ್ಚುಕಮ್ಮಿ 20 ರೂಪಾಯಿ. ಫೀ ವಾಪಸ್ ಬರುವುದಿಲ್ಲ. ಮೊದಲೇ ತಿಳಿಸಿದ್ದರೆ ಅದನ್ನು ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಅಂದರೆ ಅವರು ಕೊಡಬೇಕಾದದ್ದು 10,020. ಮೂರೇ ದಿನಕ್ಕೆ ಕೈಯಿಂದ 374 ರೂಪಾಯಿ ಹೋಯಿತು. ದಂಡ ಇಲ್ಲ ಅನ್ನುವುದು ನಿಜ. ಆದರೆ ಖರ್ಚು ಇದೆ. ನಮ್ಮ ವಾಕ್ಯ ಓದಿದರೆ ಆ ಖರ್ಚು ಕಾಣುವುದೇ ಇಲ್ಲ.

ಇಂಗ್ಲಿಷ್ ಮೂಲದಲ್ಲಿ ಇದು ಗೊಂದಲವಲ್ಲ. ಅಲ್ಲಿ ‘ಲೋನ್ ಅಮೌಂಟ್’ ಎಂಬುದನ್ನು ದೊಡ್ಡಕ್ಷರದಿಂದ ಶುರುಮಾಡಿ ಬರೆದಿರುತ್ತಾರೆ. ವಕೀಲರ ಕಣ್ಣಿಗೆ ಅದು ಸನ್ನೆ: ಈ ಮಾತಿಗೆ ಮೊದಲ ಪುಟದಲ್ಲಿ ಅರ್ಥ ಕೊಟ್ಟಿದೆ, ಹೋಗಿ ನೋಡು. ಮಂಜೂರಾದ ಪೂರ್ತಿ ಮೊತ್ತ, ಫೀ ಕಳೆಯುವ ಮುಂಚಿನದು ಎಂದು ಅಲ್ಲಿ ಇರುತ್ತದೆ. ದೇವನಾಗರಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ವಲ್ಲ. ಹಿಂದಿಗೆ ಬಂದ ಕೂಡಲೇ ಆ ಸನ್ನೆ ಅಳಿಸಿಹೋಗುತ್ತದೆ. ಉಳಿಯುವುದು ಬರೀ ‘ಲೋನ್ ಕೀ ರಕಮ್’. ಹೊಲಿಗೆ ಮಾಡುವ ಹೆಂಗಸಿಗೆ ಸಾಲದ ಹಣ ಎಂದರೆ ಕೈಗೆ ಬಂದ ಹಣ. ಬೇರೆ ಏನು ಅಂದುಕೊಳ್ಳಬೇಕು ಅವರು?

ವಾಕ್ಯದಲ್ಲಿ ಒಂದು ಅಕ್ಷರವೂ ಮೂಲಕ್ಕೆ ವಿರುದ್ಧವಾಗಿರಲಿಲ್ಲ. ಹಾಗಿದ್ದೂ ಓದುವವರ ಪಾಲಿಗೆ ಸುಳ್ಳು. ಇದೇ ನನ್ನನ್ನು ಕಾಡಿದ್ದು.

ಮಧ್ಯಾಹ್ನ ವಕೀಲರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಅಚ್ಚುಕಟ್ಟು. ಆದರೆ ಕಂಪನಿಗೆ ತೊಂದರೆ ಆಗಬಾರದು ಎಂಬ ಕಾಳಜಿ ಅವರಿಗೆ ಸ್ವಲ್ಪ ಜಾಸ್ತಿ. ಷರತ್ತಿನ ಕೆಳಗೇ ಲೆಕ್ಕ ಬರೆದು ತೋರಿಸೋಣ ಸರ್ ಎಂದೆ. “ಉದಾಹರಣೆಯನ್ನೇ ಷರತ್ತು ಅಂತ ನಾಳೆ ವಾದ ಮಾಡ್ತಾರಮ್ಮ” ಎಂದರು. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೆ ನಮ್ಮ 1872ರ ಕರಾರು ಕಾಯ್ದೆಯಲ್ಲೇ ಕಲಮುಗಳ ಕೆಳಗೆ ಉದಾಹರಣೆಗಳಿವೆ. ‘ಎ’ ಎಂಬಾತ ‘ಬಿ’ಗೆ ಮನೆ ಮಾರುತ್ತೇನೆ ಅಂದ, ಹೀಗೆ. ದೇಶದ ಕಾನೂನೇ ಉದಾಹರಣೆ ಕೊಟ್ಟು ಹೇಳುವಾಗ ನಾವು ಯಾಕೆ ಹೆದರಬೇಕು ಎಂದು ಕೇಳಿದೆ. ಅವರು ನಕ್ಕರು, ಒಪ್ಪಿದರು. ಒಂದು ಸಾಲು ಮಾತ್ರ ಸೇರಿಸಿದರು: ‘ಇದು ಉದಾಹರಣೆ, ನಿಮ್ಮ ಸಾಲದ ಅಂಕಿಗಳು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್‌ನಲ್ಲಿವೆ.’ ಸಾಲದ ಮುಖ್ಯ ವಿವರಗಳನ್ನು ಒಂದೇ ಕಡೆ ಕೊಡುವ ಕಾಗದ ಅದು. ನ್ಯಾಯವಾದ ಸೇರ್ಪಡೆ.

ಇನ್ನೊಂದು ಕಡೆ ಅವರೇ ಸರಿ. ಮೂಲದಲ್ಲಿ ‘ಫೀ ಕಡಿತಗೊಳಿಸಲಾಗುವುದು’ ಅಂತಿತ್ತು. ಯಾರು ಕಡಿತ ಮಾಡುತ್ತಾರೆ ಎಂದು ಹೇಳಬೇಕಲ್ಲ, ನಮ್ಮ ಹುಡುಗಿ ‘ಹಮ್ ಕಾಟೇಂಗೇ’ ಎಂದು ಬರೆದಿದ್ದಳು. ಓದಲು ಚೆಂದ. ಆದರೆ ಆ್ಯಪ್ ನಡೆಸುವ ಕಂಪನಿ ಬೇರೆ, ಸಾಲ ಕೊಡುವ ಸಂಸ್ಥೆ ಬೇರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಆ್ಯಪ್‌ನವರ ಫೀ ಸಾಲ ಕೊಟ್ಟ ಸಂಸ್ಥೆಯೇ ಕೊಡಬೇಕು, ಸಾಲಗಾರರಿಂದ ವಸೂಲಿ ಮಾಡುವಂತಿಲ್ಲ. ‘ನಾವು ಕಡಿತ ಮಾಡುತ್ತೇವೆ’ ಎಂದರೆ ನಿಯಮ ಮುರಿಯುತ್ತೇವೆ ಎಂದು ಬರೆದುಕೊಟ್ಟ ಹಾಗೆ. ಹಾಗಾಗಿ ಈಗ ಎಲ್ಲ ಕಡೆ ‘ಲೋನ್ ದೇನೇವಾಲೀ ಕಂಪನಿ’. ಉದ್ದ ನಿಜ. ಒಂದು ಕಡೆ ರಕಮ್, ಇನ್ನೊಂದು ಕಡೆ ರಾಶಿ, ಮತ್ತೊಂದು ಕಡೆ ಪೈಸಾ ಎಂದು ಬದಲಿಸುವುದನ್ನೂ ಬಿಟ್ಟೆವು. ಕರಾರಿನಲ್ಲಿ ಮಾತು ಬದಲಾದರೆ ಅರ್ಥವೂ ಬದಲಾಯಿತು ಎಂದು ಯಾರಾದರೂ ವಾದಿಸಬಹುದು.

ಹೊಸ ಕರಡು ಹೀಗಿದೆ. ‘ಮಂಜೂರಾದ ಪೂರ್ತಿ ಸಾಲ, ಅಂದರೆ ಫೀ ಕಳೆಯುವ ಮುಂಚಿನ ಮೊತ್ತ, ವಾಪಸ್ ಕೊಡಬೇಕು. ಎಷ್ಟು ದಿನ ಇಟ್ಟುಕೊಂಡಿರೋ ಅಷ್ಟು ದಿನದ ಬಡ್ಡಿ ಕೊಡಬೇಕು. ಫೀ ವಾಪಸ್ ಸಿಗುವುದಿಲ್ಲ. ಇದರ ಮೇಲೆ ದಂಡ ಇಲ್ಲ.’ ಕೆಳಗೆ ಆ ಲೆಕ್ಕ. ಇಂಗ್ಲಿಷ್ ಮೂಲವನ್ನು ನೋಡಿರದ ಒಬ್ಬರಿಗೆ ಇದರ ಹಿಂದಿಯನ್ನು ಕೊಟ್ಟು, ವಾಪಸ್ ಇಂಗ್ಲಿಷಿಗೆ ತಿರುಗಿಸಲು ಹೇಳಿದೆವು. ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಏನೂ ಬಿಟ್ಟುಹೋಗಿರಲಿಲ್ಲ. ಆದರೆ ಈ ಪರೀಕ್ಷೆಯೊಂದೇ ಸಾಕಾಗುವುದಿಲ್ಲ. ಹಳೆಯ ವಾಕ್ಯವೂ ಇದರಲ್ಲಿ ಪಾಸಾಗಿತ್ತು. ಓದುವವರ ಮುಂದೆ ದುಡ್ಡಿನ ಲೆಕ್ಕ ಇಟ್ಟು ‘ಈಗ ಎಷ್ಟು ಕಟ್ಟುತ್ತೀರಿ?’ ಎಂದು ಕೇಳಿದಾಗಲೇ ಅದು ಸಿಕ್ಕಿಬಿದ್ದದ್ದು. ‘ಅರ್ಥವಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ಇಷ್ಟಾದರೂ ನನಗೆ ಸಮಾಧಾನವಾಗದ ಒಂದು ಸಾಲಿದೆ. ಕೊಟ್ಟಕೊನೆಯಲ್ಲಿ: ಹಿಂದಿಗೂ ಇಂಗ್ಲಿಷಿಗೂ ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ. ಬಹಳಷ್ಟು ಆ್ಯಪ್‌ಗಳಲ್ಲಿ ಇದು ಇರುತ್ತದೆ. ಹಿಂದಿ ಮಾತ್ರ ಓದಬಲ್ಲವರಿಗೆ ಹಿಂದಿ ಕೊಟ್ಟು ಒಪ್ಪಿಗೆ ತೆಗೆದುಕೊಂಡು, ಜಗಳ ಬಂದ ದಿನ ಅವರು ಓದಲಾರದ ಕಾಗದ ತೋರಿಸುವುದು ನನ್ನ ಪ್ರಕಾರ ಮೋಸ. ಸಾಲದ ಮುಖ್ಯ ವಿವರಗಳ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು, ವಿವರಿಸಿ ಹೇಳಬೇಕು, ಅರ್ಥವಾಗಿದೆ ಎಂದು ಒಪ್ಪಿಗೆ ಪಡೆಯಬೇಕು ಎಂದು ರಿಸರ್ವ್ ಬ್ಯಾಂಕ್ 2024ರಲ್ಲೇ ಹೇಳಿದೆ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯೂ ಒಪ್ಪಿಗೆ ಕೇಳುವಾಗ ಭಾಷೆ ಸರಳವಾಗಿರಬೇಕು, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಿಕೊಳ್ಳಲು ಅವಕಾಶ ಇರಬೇಕು ಎನ್ನುತ್ತದೆ. ಓದಲು ಕೊಟ್ಟ ಭಾಷೆಗೆ ಬೆಲೆ ಇಲ್ಲ ಎಂದರೆ ಕೊಟ್ಟು ಏನು ಪ್ರಯೋಜನ?

ಗುರುವಾರ ಇದರ ಮೇಲೆ ದೊಡ್ಡ ಚರ್ಚೆಯಾಯಿತು. ನಮ್ಮ ಪ್ರಾಡಕ್ಟ್ ಮ್ಯಾನೇಜರ್‌ಗೆ ಪರದೆ ಎಷ್ಟು ಉದ್ದವಾಗುತ್ತದೆ ಎಂಬುದೊಂದೇ ಚಿಂತೆ. ವಕೀಲರು ಅರ್ಧ ದಾರಿ ಬಂದರು. ಹಣಕ್ಕೆ ಸಂಬಂಧಪಟ್ಟ ಷರತ್ತುಗಳಲ್ಲಿ ಹಿಂದಿಗೂ ಇಂಗ್ಲಿಷಿಗೂ ಸಮಾನ ಬೆಲೆ, ವ್ಯತ್ಯಾಸ ಬಂದರೆ ಸಾಲಗಾರರಿಗೆ ಅನುಕೂಲವಾದದ್ದೇ ಲೆಕ್ಕಕ್ಕೆ. ಉಳಿದ ಷರತ್ತುಗಳಿಗೆ ಇಂಗ್ಲಿಷೇ ಅಂತಿಮ, ಆದರೆ ಆ ಮಾತನ್ನು ಹಿಂದಿಯಲ್ಲಿ ಮೊದಲ ಪರದೆಯಲ್ಲೇ ಹೇಳಬೇಕು. ಪೂರ್ತಿ ಗೆದ್ದೆವು ಎನ್ನಲಾರೆ. ಆದರೆ ಒಂದು ಬದಲಾವಣೆ ನೋಡಿದೆ. ಹಿಂದಿಗೂ ಬೆಲೆ ಎಂದು ತೀರ್ಮಾನವಾದ ಕೂಡಲೇ ವಕೀಲರು ಹಿಂದಿಯ ಒಂದೊಂದು ಸಾಲನ್ನೂ ಬೆರಳಿಟ್ಟು ಓದತೊಡಗಿದರು. ಅಲ್ಲಿಯವರೆಗೆ ಅವರು ಹಾಗೆ ಓದುತ್ತಿದ್ದದ್ದು ಇಂಗ್ಲಿಷ್ ಮಾತ್ರ.

ಮುಂದಿನ ವಾರ ಕನ್ನಡದ್ದು ಶುರು. ಹಿಂದಿಯಿಂದ ಕನ್ನಡಕ್ಕೆ ತಿರುಗಿಸಿ ಎಂದಿದ್ದಾರೆ, ನಾನು ಒಪ್ಪಿಲ್ಲ. ಮೊದಲು 9,646ರ ಲೆಕ್ಕ ಇಟ್ಟುಕೊಂಡು, ಅದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೋ ಹಾಗೆ ಬರೆದು, ಆಮೇಲೆ ಮೂಲಕ್ಕೆ ತಾಳೆ ನೋಡುತ್ತೇವೆ.