ಹಿಂದಿನ ಕೂದಲು, ಎರಡು ಕನ್ನಡಿ: ಒಬ್ಬರೇ ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು

ಸಲೂನಿನಲ್ಲಿ ಕಟಿಂಗ್ ಮಾಡುವುದು ನನ್ನ ಕೆಲಸ. ಕಟಿಂಗ್ ಮುಗಿದ ಮೇಲೆ ಹಿಂದೆ ಕನ್ನಡಿ ಹಿಡಿದು ತೋರಿಸ್ತೀವಲ್ಲ, ಆಗ ಬಹಳ ಜನ ಕೇಳುವ ಪ್ರಶ್ನೆ ಒಂದೇ. "ಈ ಹಿಂದಿನದನ್ನ ಮನೆಯಲ್ಲಿ ನಾವೇ ಮಾಡ್ಕೊಬಹುದಾ?" ಮಾಡಬಹುದು. ಆದರೆ ಹಿಂದೆ ಇರುವುದೆಲ್ಲವನ್ನೂ ಅಲ್ಲ. ಗಿಡ್ಡ ಕೂದಲಿನವರು ಹೆಕ್ಕತ್ತಿನ ಮೇಲೆ ಬೆಳೆದ ಕುರುಚಲನ್ನು ತೆಗೆದು, ಕೂದಲಿನ ಕೆಳಗಿನ ಗೆರೆಯನ್ನು ಚೊಕ್ಕ ಮಾಡಿಕೊಳ್ಳಬಹುದು. ಕೂದಲನ್ನು ಇಂತಿಷ್ಟೇ ಉದ್ದ ಉಳಿಸುವ, ಬ್ಲೇಡಿನ ಮೇಲೆ ಕೂರುವ ಗಾರ್ಡ್ ಹಾಕಿ ತಲೆಯೆಲ್ಲ ಒಂದೇ ಅಳತೆಗೆ ಹೊಡೆದುಕೊಳ್ಳಬಹುದು. ಇವೆರಡರಾಚೆಗೆ ಕನ್ನಡಿ ನಂಬಿಕೊಂಡು ಹೋದರೆ ಕೆಡುವುದೇ ಜಾಸ್ತಿ. ಯಾಕೆ ಅಂತ ಒಬ್ಬ ಗಿರಾಕಿಯ ಕತ್ತಿನ ಮೇಲೇ ಹೇಳ್ತೀನಿ.

ಅವರು ಬಂದಾಗ ಹೆಕ್ಕತ್ತಿನ ಗೆರೆ ಇರಬೇಕಾದ ಜಾಗಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ಮೇಲೆ ಹೋಗಿತ್ತು. ಅಷ್ಟೂ ಜಾಗ ಬೋಳು. ಹೇಗೆ ಮಾಡಿದ್ರಿ, ಒಂದ್ಸಲ ತೋರಿಸಿ ಅಂದೆ. ಗೋಡೆ ಕನ್ನಡಿಗೆ ಬೆನ್ನು ಹಾಕಿ ನಿಂತರು. ಎಡಗೈಯಲ್ಲಿ ಕೈಗನ್ನಡಿಯನ್ನು ಪಕ್ಕಕ್ಕೆ ಓರೆಯಾಗಿ ಹಿಡಿದರು, ಬಲಗೈಯಲ್ಲಿ ಟ್ರಿಮ್ಮರ್. ಗೆರೆ ಎಡಕ್ಕೆ ಇಳಿದ ಹಾಗೆ ಕಂಡಿತಂತೆ, ಎಡಗಡೆ ಸ್ವಲ್ಪ ತೆಗೆದರಂತೆ. ಆಮೇಲೆ ಬಲಗಡೆ ಇಳಿದ ಹಾಗೆ ಕಂಡಿತು, ಅಲ್ಲೂ ತೆಗೆದರು. ಹೀಗೆ ಎರಡೂ ಕಡೆ ಸಮ ಮಾಡ್ತಾ ಮಾಡ್ತಾ ಗೆರೆ ಮೇಲಕ್ಕೆ ಹತ್ತಿಬಿಟ್ಟಿದೆ. ಮನೆಯಲ್ಲಿ ಹಿಂದಿನ ಕೂದಲು ಕೆಟ್ಟಿರುವುದನ್ನು ನಾನು ನೋಡಿರುವ ಕಡೆಯಲ್ಲೆಲ್ಲ ಹೆಚ್ಚಾಗಿ ಆಗಿರುವುದು ಇದೇ.

ಇದಕ್ಕೆ ಎರಡು ಕಾರಣ. ಒಂದು ಕನ್ನಡಿಯದ್ದು, ಇನ್ನೊಂದು ಭುಜದ್ದು.

ಮೊದಲು ಕನ್ನಡಿ. ಎರಡು ಕನ್ನಡಿ ಇಟ್ಟರೆ ಎಡಬಲ ತಿರುವುಮುರುವಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಅದು ಪೂರ್ತಿ ನಿಜವಲ್ಲ. ಎರಡೂ ಕನ್ನಡಿ ಎದುರುಬದುರು ಹೆಚ್ಚುಕಡಿಮೆ ನೇರವಾಗಿದ್ದರೆ, ಬೇರೆಯವರು ನಿಮ್ಮ ಹಿಂದೆ ನಿಂತು ನೋಡಿದರೆ ಹೇಗೆ ಕಾಣುತ್ತೋ ಹಾಗೇ ಕಾಣುತ್ತದೆ. ಬಲಗೈ ಬಲಕ್ಕೆ ಹೋದರೆ ಬಿಂಬದಲ್ಲೂ ಬಲಕ್ಕೇ ಹೋಗುತ್ತದೆ, ಮೇಲೆ ಅಂದರೆ ಮೇಲೇ. ತೊಂದರೆ ಶುರುವಾಗುವುದು ಕನ್ನಡಿ ಓರೆಯಾದಾಗ. ಕನ್ನಡಿ ಎಷ್ಟು ತಿರುಗಿತೋ ಅದರ ಎರಡು ಪಟ್ಟು ಬಿಂಬ ತಿರುಗುತ್ತದೆ. 30 ಡಿಗ್ರಿ ಓರೆ ಹಿಡಿದರೆ ನಿಮಗೆ ಕಾಣುವ ತಲೆ 60 ಡಿಗ್ರಿ ತಿರುಗಿಕೊಂಡಿರುತ್ತದೆ, ಅಂದರೆ ನೀವು ಹಿಂಭಾಗ ನೋಡ್ತಾ ಇಲ್ಲ, ಪಕ್ಕದಿಂದ ನೋಡ್ತಾ ಇದ್ದೀರಿ. ಆಗ ಟ್ರಿಮ್ಮರನ್ನು ಕತ್ತಿನ ಹತ್ತಿರ ತಂದರೆ ಅದು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಕೈ ಗಲಿಬಿಲಿಯಾಗುವುದು ಅಲ್ಲೇ.

ಹಾಗಂತ ಪೂರ್ತಿ ನೇರ ಇಡುವುದಕ್ಕೂ ಆಗಲ್ಲ, ನಿಮ್ಮ ತಲೆಯೇ ಅಡ್ಡ ಬರುತ್ತದೆ. ಮುಂದಿನ ಕನ್ನಡಿಯನ್ನು ಕಣ್ಣಿಗಿಂತ ಸ್ವಲ್ಪ ಎತ್ತರಕ್ಕೋ ಸ್ವಲ್ಪ ಪಕ್ಕಕ್ಕೋ ಇಟ್ಟು, ಹೆಕ್ಕತ್ತು ಕಾಣುವಷ್ಟು ಮಾತ್ರ ಓರೆ ಮಾಡಿ. ಮುಖ್ಯವಾಗಿ ಅದನ್ನು ಕೈಯಲ್ಲಿ ಹಿಡಿಯಬೇಡಿ. ಸ್ಟ್ಯಾಂಡಿಗೆ ನಿಲ್ಲಿಸಿ, ಮೊಳೆಗೆ ತೂಗುಹಾಕಿ, ಬೀರುವಿನ ಬಾಗಿಲಲ್ಲಿ ಕನ್ನಡಿ ಇದ್ದರೆ ಬಾಗಿಲು ತಿರುಗಿಸಿ ಕೋನ ಸರಿಮಾಡಿಕೊಳ್ಳಿ, ಏನಾದರೂ ಮಾಡಿ ಎರಡೂ ಕೈ ಖಾಲಿ ಇರುವ ಹಾಗೆ ನೋಡಿಕೊಳ್ಳಿ. ಎರಡನೇ ಕೈಗೆ ಇಲ್ಲಿ ದೊಡ್ಡ ಕೆಲಸ ಇದೆ, ಅದಕ್ಕೆ ಬರ್ತೀನಿ.

ಬೆಳಕು ಬೀಳಬೇಕಾಗಿರುವುದು ಮುಖದ ಮೇಲಲ್ಲ, ಕತ್ತಿನ ಮೇಲೆ. ಅದಕ್ಕೇ ದೀಪ ಇರುವ ಗೋಡೆ ಕನ್ನಡಿಗೆ ಬೆನ್ನು ಹಾಕಿ, ಒಂದು ಕೈ ದೂರದಲ್ಲಿ ನಿಲ್ಲಿ. ಇನ್ನೊಂದು ವಿಷಯ, ಬಿಂಬ ಎರಡು ಕನ್ನಡಿ ದಾಟಿ ಬರುವುದರಿಂದ ನಿಮ್ಮ ಹೆಕ್ಕತ್ತು ಸುಮಾರು ಎರಡು ಮೀಟರ್ ದೂರದಲ್ಲಿ ಇದ್ದಷ್ಟು ಚಿಕ್ಕದಾಗಿ ಕಾಣುತ್ತದೆ. ದೂರದ್ದು ಮಸುಕಾಗಿ ಕಾಣುವವರು ಕನ್ನಡಕ ತೆಗೆದಿಟ್ಟು ಕೂತರೆ ಗೆರೆಯೇ ಕಾಣಲ್ಲ. ಹೆಕ್ಕತ್ತಿನ ಕೆಲಸಕ್ಕೆ ಕನ್ನಡಕ ಹಾಕಿಕೊಂಡೇ ಇರಬಹುದು. ಅದು ಅಡ್ಡ ಬರುವುದು ಕಿವಿಯ ಸುತ್ತ ಕೆಲಸ ಮಾಡುವಾಗ ಮಾತ್ರ.

ಈಗ ಭುಜದ ವಿಷಯ. ಬಲಗೈಯನ್ನು ತಲೆಯ ಹಿಂದಕ್ಕೆ ಎತ್ತಿ ನೋಡಿ. ಬಲಭುಜ ಮೇಲೆ ಬರುತ್ತದೆ, ತಲೆ ತನಗೆ ತಾನೇ ಒಂದು ಕಡೆ ವಾಲುತ್ತದೆ, ಕತ್ತಿನ ಚರ್ಮವೂ ಸರಿಯುತ್ತದೆ. ಆ ಸ್ಥಿತಿಯಲ್ಲಿ ನೇರವಾಗಿ ಎಳೆದ ಗೆರೆ, ಕೈ ಇಳಿಸಿದ ಕೂಡಲೇ ಓರೆಯಾಗಿ ಕಾಣುತ್ತದೆ. ನಮ್ಮ ಗಿರಾಕಿ ಕೈ ಎತ್ತಿಕೊಂಡೇ ನೋಡಿದರು, ಕೈ ಎತ್ತಿಕೊಂಡೇ ತಿದ್ದಿದರು. ಅದಕ್ಕೆ ನಾನು ಹೇಳುವುದು ಇಷ್ಟೇ: ನೋಡುವಾಗ ಎರಡೂ ಕೈ ಕೆಳಗೆ, ತಲೆ ನೇರ. ಮಾಡುವಾಗ ಮಾತ್ರ ಕೈ ಮೇಲೆ. ಕೈ ಮೇಲಿರುವಾಗ ಗೆರೆ ಸರಿಯಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡಲೇಬೇಡಿ.

ಕಟಿಂಗ್ ಆಗಿ ಮೂರು ವಾರ ಆಗಿದೆ, ಹೆಕ್ಕತ್ತಿನ ಮೇಲೆ ಕುರುಚಲು ಬಂದಿದೆ ಅಂತ ಇಟ್ಟುಕೊಳ್ಳಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ಹಳೆಯ ಗೆರೆ ಇನ್ನೂ ಗೊತ್ತಾಗುತ್ತಿರುತ್ತದೆ. ಮೇಲೆ ದಟ್ಟ, ಕೆಳಗೆ ಮೋಟು. ಹೊಸ ಗೆರೆ ಹುಡುಕಬೇಡಿ, ಹಳೆಯದನ್ನೇ ಹಿಡಿಯಿರಿ. ಕೂದಲು ಒಣಗಿರಲಿ, ಒದ್ದೆಯಿದ್ದರೆ ಚರ್ಮಕ್ಕೆ ಅಂಟಿಕೊಂಡು ಉದ್ದ ಕಾಣುತ್ತದೆ. ಹುಬ್ಬು ತೀಡುವ ಪೆನ್ಸಿಲಿನಲ್ಲಿ ಮೊದಲು ನಡುಮಧ್ಯ ಒಂದು ಚುಕ್ಕಿ, ಆಮೇಲೆ ಎರಡು ಮೂಲೆಗೆ ಒಂದೊಂದು ಚುಕ್ಕಿ ಇಡಿ. ಕೈ ಇಳಿಸಿ, ತಲೆ ನೇರ ಮಾಡಿ ನೋಡಿ. ಮೂರೂ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಒರೆಸಿ ಮತ್ತೆ ಇಡಿ. ಪೆನ್ಸಿಲ್ ಗುರುತನ್ನು ಎಷ್ಟು ಸಲ ಬೇಕಾದರೂ ಅಳಿಸಬಹುದು, ಕೂದಲು ತೆಗೆದರೆ ವಾಪಸ್ ಇಡುವುದಕ್ಕೆ ಆಗಲ್ಲ ಅಲ್ವಾ. ಅನುಮಾನ ಇದ್ದರೆ ಚುಕ್ಕಿ ಕೆಳಗೇ ಇರಲಿ.

ಟ್ರಿಮ್ಮರ್ ಆನ್ ಮಾಡುವ ಮುಂಚೆ ಅದರ ಬದಲು ಬಾಚಣಿಗೆ ಹಿಡಿದು, ಕನ್ನಡಿ ನೋಡ್ತಾ ಅದರ ತುದಿಯನ್ನು ಆ ಮೂರು ಚುಕ್ಕಿಗೆ ಮುಟ್ಟಿಸಿ. ತಡವರಿಸದೆ ಮುಟ್ಟುವವರೆಗೆ ಟ್ರಿಮ್ಮರ್ ಬೇಡ.

ಇನ್ನು ಎಡಗೈಯ ಕೆಲಸ. ಕನ್ನಡಿ ನಿಮಗೆ ಜಾಗ ತೋರಿಸುತ್ತದೆ, ಮೇಲೆ ಕೆಳಗೆ ಎಡ ಬಲ ಎಲ್ಲ. ಆದರೆ ಬ್ಲೇಡ್ ಚರ್ಮದಿಂದ ಎಷ್ಟು ದೂರ ಇದೆ ಅನ್ನುವುದನ್ನು ತೋರಿಸಲ್ಲ. ಅಷ್ಟು ದೂರದ ಚಿಕ್ಕ ಬಿಂಬದಲ್ಲಿ ಎರಡು ಮಿಲಿಮೀಟರ್ ಅಂತರ ಕಣ್ಣಿಗೆ ಸಿಗುವುದೇ ಇಲ್ಲ. ಅದನ್ನು ಬೆರಳು ಹೇಳಬೇಕು. ಎಡಗೈ ತೋರುಬೆರಳನ್ನು ಚುಕ್ಕಿಗಳ ಮೇಲ್ಗಡೆ ಅಡ್ಡಕ್ಕೆ ಒತ್ತಿ ಇಡಿ, ಉಳಿಯಬೇಕಾದ ಕೂದಲೆಲ್ಲ ಬೆರಳಿನ ಕೆಳಗೆ ಇರಲಿ. ಟ್ರಿಮ್ಮರಿನ ಹಿಡಿ ಮೇಲಕ್ಕೆ, ಹಲ್ಲು ಕೆಳಕ್ಕೆ ಬರುವ ಹಾಗೆ ತಲೆಯ ಮೇಲಿನಿಂದ ಕೈ ತಂದು, ಬ್ಲೇಡನ್ನು ನಡುವಿನ ಚುಕ್ಕಿಗೆ ಮೆಲ್ಲಗೆ ತಾಗಿಸಿ ಕೆಳಗೆ ಎಳೆಯಿರಿ. ಕೆಳಮುಖವಾಗಿ ಎಳೆಯುವುದರಿಂದ ಕೈ ಜಾರಿದರೂ ಅದು ಕುರುಚಲಿನ ಮೇಲೇ ಹೋಗುತ್ತದೆ, ಮೇಲಿನ ಕೂದಲಿಗೆ ತಗಲಲ್ಲ. ನಡುವಿನಿಂದ ಬಲಕ್ಕೆ ಬಲಗೈ. ಎಡ ಅರ್ಧಕ್ಕೆ ಸಾಧ್ಯವಾದರೆ ಎಡಗೈ, ಅದು ತೀರಾ ನಡುಗಿದರೆ ಬಲಗೈಯೇ ಇರಲಿ, ಆದರೆ ಇನ್ನೂ ಚಿಕ್ಕ ಚಿಕ್ಕ ಎಳೆತ. ಗೆರೆ ಬಂದ ಮೇಲೆ ಅದರ ಕೆಳಗಿನ ಮೋಟನ್ನು ಕೆಳಗಿನಿಂದ ಮೇಲಕ್ಕೆ ತೆಗೆಯಬಹುದು, ಗೆರೆಗೆ ಒಂದು ಬೆರಳಿನಷ್ಟು ಮುಂಚೆಯೇ ನಿಲ್ಲಿಸಿ, ಉಳಿದದ್ದನ್ನು ಮತ್ತೆ ಮೇಲಿನಿಂದ ಎಳೆಯಿರಿ. ಕೆಲವರಿಗೆ ಹೆಕ್ಕತ್ತಿನ ಕೂದಲು ಪಕ್ಕಕ್ಕೆ ತಿರುಗಿ ಬೆಳೆಯುತ್ತದೆ, ಒಂದು ಮೂಲೆಯಲ್ಲಿ ಸಣ್ಣ ಸುಳಿ ಇರುತ್ತದೆ. ಅಲ್ಲಿ ಕೂದಲು ಯಾವ ಕಡೆ ಮಲಗಿದೆಯೋ ಅದರ ಎದುರು ದಿಕ್ಕಿನಿಂದ ಬಂದರೆ ಮಾತ್ರ ಸಿಗುತ್ತದೆ. ಸವರಿ ನೋಡಿದರೆ ಬೆರಳಿಗೇ ಗೊತ್ತಾಗುತ್ತದೆ.

ಮೂಲೆಗಳನ್ನು ಚೌಕ ಮಾಡಬೇಡಿ. ಚೌಕ ಗೆರೆ ಒಂದು ಕೂದಲೆಳೆ ಓರೆಯಾದರೂ ಎದ್ದು ಕಾಣುತ್ತದೆ, ಬೇಗ ಹಳತಾಗುತ್ತದೆ. ಸ್ವಲ್ಪ ದುಂಡಗೆ ಬಿಟ್ಟರೆ ಸಣ್ಣಪುಟ್ಟ ವ್ಯತ್ಯಾಸ ಮುಚ್ಚಿಹೋಗುತ್ತದೆ. ಮುಗಿದ ಮೇಲೆ ಮೊಬೈಲಿನ ಹಿಂದಿನ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯಿರಿ, ಇನ್ನೊಂದು ಕೈ ಕೆಳಗೇ ಇರಲಿ. ಎರಡು ಮಿಲಿಮೀಟರ್ ಒಳಗಿನ ವ್ಯತ್ಯಾಸ ಕಂಡರೆ ಹಾಗೇ ಬಿಟ್ಟುಬಿಡಿ. ಅದನ್ನು ಸಮ ಮಾಡಲು ಹೋದಾಗಲೇ ಗೆರೆ ಹತ್ತುವುದು.

ಈಗಾಗಲೇ ಹತ್ತಿಬಿಟ್ಟಿದ್ದರೆ? ಆ ಗಿರಾಕಿಗೆ ನಾನು ಗೆರೆಯನ್ನು ಮುಟ್ಟಲೇ ಇಲ್ಲ. ಗೆರೆಯ ಮೇಲಿನ ಅಂಚನ್ನು 3 ಮಿಲಿಮೀಟರ್ ಗಾರ್ಡಿನಲ್ಲಿ, ಅದರ ಮೇಲೆ 6 ಮಿಲಿಮೀಟರಿನಲ್ಲಿ ಮಸುಕು ಮಾಡಿದೆ. ಬೋಳು ಜಾಗ ಹಾಗೇ ಇತ್ತು, ಆದರೆ ಕತ್ತರಿಸಿಟ್ಟ ಹಾಗೆ ಕಾಣುತ್ತಿದ್ದ ಅಂಚು ಹೋಯಿತು. ಉಳಿದದ್ದು ಬೆಳೆಯುವವರೆಗೆ ಕಾಯಲೇಬೇಕು. ಈ ಮಸುಕು ಮಾಡುವ ಕೆಲಸವನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ ಅಂತಲೇ ಹೇಳ್ತೀನಿ. ಫೇಡ್ ಮಾಡುವಾಗ ನಾವು ತಲೆ ಹಿಂದಿನ ಉಬ್ಬು ಬರುವ ಹೊತ್ತಿಗೆ ಮಣಿಕಟ್ಟನ್ನು ಹೊರಕ್ಕೆ ತಿರುಗಿಸಿ ಕ್ಲಿಪ್ಪರನ್ನು ತಲೆಯಿಂದ ಬಿಡಿಸಿಕೊಳ್ತೀವಿ. ನಿಮ್ಮ ಕೈ ನಿಮ್ಮದೇ ತಲೆಯ ಹಿಂದೆ ಇದ್ದಾಗ ಮಣಿಕಟ್ಟು ಹಾಗೆ ಹೊರಕ್ಕೆ ಬರಲ್ಲ, ಒಳಕ್ಕೇ ತಿರುಗುತ್ತದೆ, ಬ್ಲೇಡ್ ಉಬ್ಬಿನ ಮೇಲೆ ಕಚ್ಚುತ್ತದೆ. ಬಾಚಣಿಗೆ ಮೇಲೆ ಕತ್ತರಿ ಆಡಿಸುವುದೂ ಅಷ್ಟೇ, ಬಾಚಣಿಗೆಯ ಕೋನ ಒಂದೇ ಥರ ಇರಬೇಕು, ತಲೆಯ ಹಿಂದೆ ಎತ್ತಿದ ಕೈ ಸ್ವಲ್ಪ ಹೊತ್ತಿಗೇ ಸೋತು ಕೋನ ಬದಲಾಗುತ್ತದೆ. ಲೇಯರ್, ಗಿಡ್ಡ ಬಾಬ್ ಕಟ್ ಇವನ್ನೂ ಇದೇ ಕಾರಣಕ್ಕೆ ಬಿಡಿ.

ತಲೆಯೆಲ್ಲ ಒಂದೇ ಗಾರ್ಡಿನಲ್ಲಿ ಹೊಡೆಯುವವರಿಗೆ ಕನ್ನಡಿ ಅಷ್ಟಾಗಿ ಬೇಕಿಲ್ಲ, ಯಾಕೆಂದರೆ ಅಲ್ಲಿ ಆಳವನ್ನು ಗಾರ್ಡೇ ಕಾಯುತ್ತದೆ. ಗಾರ್ಡ್ ಸರಿಯಾಗಿ ಕೂತಿದೆಯಾ ಅಂತ ಎಳೆದು ನೋಡಿ, ಅದು ತಲೆಗೆ ಚಪ್ಪಟೆಯಾಗಿ ತಾಗಿರಲಿ, ನೆತ್ತಿಯ ಸುಳಿಯ ಹತ್ತಿರ ಎಲ್ಲಾ ದಿಕ್ಕಿನಿಂದಲೂ ಓಡಿಸಿ. ಎಲ್ಲಿ ಉಳಿದಿದೆ ಅಂತ ಅಂಗೈಯಲ್ಲಿ ಸವರಿದರೆ ಕನ್ನಡಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಉದ್ದ ಕೂದಲಿನವರು ಕನ್ನಡಿಯ ಗೋಜಿಗೇ ಹೋಗದೆ ನಡುಬೈತಲೆ ತೆಗೆದು, ಎರಡೂ ಭಾಗ ಮುಂದಕ್ಕೆ ತಂದು ತುದಿ ಕತ್ತರಿಸಿಕೊಳ್ಳಬಹುದು. ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಸಾಕು. ಹಾಗೆ ಮಾಡಿದಾಗ ಹಿಂದಿನ ಆಕಾರ ನೇರ ಬರಲ್ಲ, ನಡುವೆ ಉದ್ದವಾಗಿ ಚೂಪು ಬರುತ್ತದೆ. ಹಿಂದಿನ ನಡುಭಾಗದ ಕೂದಲು ಕತ್ತು ಸುತ್ತಿಕೊಂಡು ಹೆಚ್ಚು ದೂರ ಬಂದಿರುತ್ತದಲ್ಲ, ಅದೇ ಕಾರಣ. ಆ ಆಕಾರ ಇಷ್ಟ ಇದ್ದರೆ ಒಬ್ಬರೇ ಮಾಡಿಕೊಳ್ಳಿ. ಬೆನ್ನಿನ ಮೇಲೆ ನೇರ ಗೆರೆಯೇ ಬೇಕು ಅಂದರೆ ಮನೆಯಲ್ಲಿ ಯಾರನ್ನಾದರೂ ಹಿಂದೆ ನಿಲ್ಲಿಸಿಕೊಳ್ಳಿ. ಅವರಿಗೆ ಕಟಿಂಗ್ ಬರದಿದ್ದರೂ ಗೆರೆ ನೇರ ಇದೆಯಾ ಅನ್ನುವುದು ಕಣ್ಣಿಗೆ ಕಾಣುತ್ತದೆ, ಎರಡು ಕನ್ನಡಿಗಿಂತ ಅದು ವಾಸಿ.