ಲೆಕ್ಕಕ್ಕೆ ಬಾರದ ಮೂರು ಸಲ

ಕಿಡ್ನಿಯ ನಾಲ್ಕನೇ ಕಲ್ಲು ಹೊರಗೆ ಬಿದ್ದ ಮೇಲೆ ಡಾಕ್ಟರು ಹೇಳಿದರು: "ಕಲ್ಲು ಯಾವುದು ಅಂತ ಗೊತ್ತಾಯಿತು, ಕ್ಯಾಲ್ಸಿಯಂ ಆಕ್ಸಲೇಟ್. ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ. ಹಾಗಾದರೆ ಮೂತ್ರದಲ್ಲಿ ಏನು ಹೋಗುತ್ತಿದೆ ನೋಡೋಣ. ಆದರೆ ಈಗಲೇ ಬೇಡ, ಆರು ವಾರ ಬಿಟ್ಟು." ನೋವಿನ ದಿನಗಳಲ್ಲಿ ಊಟ ಬೇರೆ, ಕುಡಿಯುವ ನೀರು ಬೇರೆ. ಆಗ ಹಿಡಿದ ಮೂತ್ರ ನನ್ನ ಮಾಮೂಲಿ ಬದುಕಿನದ್ದಲ್ಲ ಅನ್ನುವುದು ಅವರ ಲೆಕ್ಕ.

ಆರು ವಾರ ಆಯಿತು. ಲ್ಯಾಬಿನವರು ದೊಡ್ಡದೊಂದು ಪ್ಲಾಸ್ಟಿಕ್ ಕ್ಯಾನ್ ಕೊಟ್ಟರು. ತಳದಲ್ಲಿ ಸ್ವಲ್ಪ ಆಸಿಡ್ ಇತ್ತು. ಆಕ್ಸಲೇಟ್ ಮತ್ತು ಕ್ಯಾಲ್ಸಿಯಂ ಹರಳುಗಟ್ಟಿ ತಳಕ್ಕೆ ಅಂಟಿಕೊಳ್ಳದಿರಲಿ ಅಂತ. ನೇರವಾಗಿ ಕ್ಯಾನಿಗೆ ಹೋಗಬಾರದು, ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಬೇಕು. ಬೆಳಿಗ್ಗೆ ಎದ್ದ ಮೊದಲ ಮೂತ್ರ ಟಾಯ್ಲೆಟ್ಟಿಗೆ. ಅದು ಕಳೆದ ರಾತ್ರಿಯದ್ದು, ಲೆಕ್ಕಕ್ಕಿಲ್ಲ. ಆ ಹೊತ್ತನ್ನು ಬರೆದಿಟ್ಟುಕೊಂಡು, ಆಮೇಲಿನದ್ದೆಲ್ಲ ಕ್ಯಾನಿಗೆ. ಮರುದಿನ ಅದೇ ಹೊತ್ತಿಗೆ ಹೋಗುವ ಮೊದಲ ಮೂತ್ರವೂ ಕ್ಯಾನಿಗೆ, ಅಲ್ಲಿಗೆ ಮುಗಿಯಿತು. ಊಟ, ನೀರು ಎಲ್ಲ ದಿನದಂತೆಯೇ ಇರಲಿ ಅಂತಲೂ ಹೇಳಿದ್ದರು.

ನಾನು ಎರಡು ತಪ್ಪು ಮಾಡಿದೆ. ಒಂದು, ಪರೀಕ್ಷೆ ಅಂತ ಹೆದರಿ ಆ ದಿನ ಜಾಸ್ತಿ ನೀರು ಕುಡಿದೆ. ಎರಡನೆಯದು, ಅದು ಕೆಲಸದ ದಿನ. ಕ್ಯಾನನ್ನು ಆಫೀಸಿಗೆ ಹೊತ್ತುಕೊಂಡು ಹೋಗುವುದಾ? ನಾಚಿಕೆಯಾಗಿ ಮನೆಯಲ್ಲೇ ಬಿಟ್ಟೆ. ಆಫೀಸಿನಲ್ಲಿ ಮೂರು ಸಲ ಹೋದೆ. ಮೂರು ಸಲ ತಾನೇ, ಉಳಿದದ್ದೆಲ್ಲ ಇದೆಯಲ್ಲ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ರಿಪೋರ್ಟ್ ಬಂತು. ಒಟ್ಟು ಮೂತ್ರ 1.9 ಲೀಟರ್. ಕ್ಯಾಲ್ಸಿಯಂ 120 ಮಿಲಿಗ್ರಾಂ, ಆಕ್ಸಲೇಟ್ 33, ಸಿಟ್ರೇಟ್ 190. ಗಂಡಸರಿಗೆ ದಿನಕ್ಕೆ ಕ್ಯಾಲ್ಸಿಯಂ 250ರ ಒಳಗೆ, ಆಕ್ಸಲೇಟ್ ಸುಮಾರು 40ರ ಒಳಗೆ ಇದ್ದರೆ ಸರಿ ಅಂತ ಓದಿಕೊಂಡಿದ್ದೆ. ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ 320ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೊರತೆ. ಹಾಗಾದರೆ ನನ್ನದು ಸಿಟ್ರೇಟ್ ಒಂದರದ್ದೇ ತೊಂದರೆ ಅಂತ ತೀರ್ಮಾನಿಸಿ, ಸ್ವಲ್ಪ ಖುಷಿಯಿಂದಲೇ ಡಾಕ್ಟರ ಮುಂದೆ ಕೂತೆ.

ಅವರು ಆ ಮೂರರ ಕಡೆ ನೋಡಲೇ ಇಲ್ಲ. ಬೆರಳು ಕೆಳಗಿನ ಸಾಲಿಗೆ ಹೋಯಿತು: ಕ್ರಿಯಾಟಿನಿನ್ 910.

"ನಿಮ್ಮ ತೂಕ?"

"70 ಕೆಜಿ."

"ಹಾಗಾದರೆ ಸುಮಾರು ಎಂಟೊಂಬತ್ತು ಗಂಟೆಯ ಮೂತ್ರ ಇದರಲ್ಲಿಲ್ಲ. ಎಲ್ಲಿ ಹೋಯಿತು?"

ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ನನ್ನ ಆಫೀಸಿನ ಹೊತ್ತು! ಒಪ್ಪಿಕೊಂಡೆ. ಅವರು ನಕ್ಕರು, ನಾನು ನಗಲಿಲ್ಲ.

ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಬರುವ ಕಸ. ಒಬ್ಬರಲ್ಲಿ ದಿನದಿಂದ ದಿನಕ್ಕೆ ಅದು ಜಾಸ್ತಿ ಏರಿಳಿಯುವುದಿಲ್ಲ, ನೀರು ಎಷ್ಟೇ ಕುಡಿದರೂ ಅಷ್ಟೇ. ಗಂಡಸರಲ್ಲಿ ದಿನಕ್ಕೆ, ಕೆಜಿ ತೂಕಕ್ಕೆ ಸುಮಾರು 18ರಿಂದ 24 ಮಿಲಿಗ್ರಾಂ. ಹೆಂಗಸರಲ್ಲಿ ಇದಕ್ಕಿಂತ ಕಡಿಮೆ. ನನ್ನ ತೂಕಕ್ಕೆ 1,260ರಿಂದ 1,680ರವರೆಗೆ ಬರಬೇಕಿತ್ತು. ಕಡಿಮೆ ಬಂದರೆ ಮೂತ್ರ ತಪ್ಪಿಸಿಕೊಂಡಿದೆ, ತೀರಾ ಜಾಸ್ತಿ ಬಂದರೆ ಮೊದಲ ದಿನದ ಬೆಳಗಿನದ್ದೂ ಸೇರಿಹೋಗಿದೆ ಅಂತ ಅನುಮಾನ. ಮುದುಕರಲ್ಲಿ, ಸ್ನಾಯು ಕರಗಿದವರಲ್ಲಿ ಈ ಲೆಕ್ಕ ಅಷ್ಟು ಸರಿಹೋಗುವುದಿಲ್ಲ. ನಾನು ಆ ಪೈಕಿ ಅಲ್ಲ.

"ಇದಕ್ಕೆ ತಕ್ಕಂತೆ ಉಳಿದದ್ದನ್ನೂ ಹೆಚ್ಚಿಸಿಕೊಂಡರೆ ಆಗಲ್ವಾ?" ಅಂದೆ. ಅಂದಾಜಿಗೆ ಆಗುತ್ತದಂತೆ, ಔಷಧಿ ಬರೆಯುವುದಕ್ಕೆ ಆಗುವುದಿಲ್ಲವಂತೆ. ಕ್ರಿಯಾಟಿನಿನ್ ಗಂಟೆ ಗಂಟೆಗೂ ಹೆಚ್ಚುಕಡಿಮೆ ಒಂದೇ ಸಮ ಮೂತ್ರಕ್ಕೆ ಬರುತ್ತದೆ, ಕ್ಯಾಲ್ಸಿಯಂ, ಆಕ್ಸಲೇಟ್ ಎರಡೂ ಹಾಗಲ್ಲ. ಊಟದ ನಂತರ ಏರುತ್ತವೆ. ನಾನು ಬಿಟ್ಟದ್ದು ಮಧ್ಯಾಹ್ನದ ಊಟದ ಹೊತ್ತನ್ನೇ.

ಎರಡನೇ ಸಲ ಭಾನುವಾರ ಮಾಡಿದೆ. ಮನೆ ಬಿಟ್ಟು ಕದಲಲಿಲ್ಲ. ನೀರೂ ಮಾಮೂಲಿಯಷ್ಟೇ. ಬಂದದ್ದು ಹೀಗೆ: ಮೂತ್ರ 1.45 ಲೀಟರ್, ಕ್ರಿಯಾಟಿನಿನ್ 1,470, ಕ್ಯಾಲ್ಸಿಯಂ 190, ಆಕ್ಸಲೇಟ್ 58, ಸಿಟ್ರೇಟ್ 260. ಸರಿ ಇದೆ ಅಂದುಕೊಂಡಿದ್ದ ಆಕ್ಸಲೇಟೇ ನಿಜವಾದ ಕಳ್ಳ.

ಮೊದಲ ಕಲ್ಲು ಬಂದಾಗ ಅದರಲ್ಲಿ ಕ್ಯಾಲ್ಸಿಯಂ ಇದೆ ಅಂತ ಕೇಳಿ, ನಾನಾಗಿಯೇ ಹಾಲು ಮೊಸರು ಬಿಟ್ಟಿದ್ದೆ. ಆರು ವರ್ಷ! ಯಾರೂ ಬಿಡಿ ಅಂದಿರಲಿಲ್ಲ. ಡಾಕ್ಟರು ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಂಡು ಮಲದ ಜೊತೆ ಹೋಗುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಇಳಿದು ಕಿಡ್ನಿಗೆ ಬರುತ್ತದೆ. ಕಲ್ಲಿಗೆ ಹೆದರಿ ಹಾಲು ಬಿಟ್ಟು, ಕಲ್ಲಿಗೇ ದಾರಿ ಮಾಡಿಕೊಟ್ಟಿದ್ದೆ. ಅದರ ಮೇಲೆ ದಿನಾ ಒಂದು ಹಿಡಿ ಬಾದಾಮಿ, ನೆಗಡಿ ಬರದಿರಲಿ ಅಂತ 1,000 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆ. ಬಾದಾಮಿಯಲ್ಲಿ ಆಕ್ಸಲೇಟ್ ತುಂಬಾ, ವಿಟಮಿನ್ ಸಿ ಮೈಯಲ್ಲಿ ಒಡೆದು ಒಂದಿಷ್ಟು ಆಕ್ಸಲೇಟೇ ಆಗುತ್ತದೆ. ಎರಡನ್ನೂ ನಿಲ್ಲಿಸಿದೆ. ಹಾಲು ಮೊಸರು ಊಟದ ಜೊತೆಗೇ ಶುರುವಾಯಿತು. ಜೊತೆಗೇ ಅನ್ನುವುದು ಮುಖ್ಯ. ಊಟ ಮುಗಿದು ಮೂರು ಗಂಟೆ ಆದ ಮೇಲೆ ಕುಡಿದರೆ ಹಿಡಿಯಲು ಅಲ್ಲಿ ಆಕ್ಸಲೇಟ್ ಇರುವುದಿಲ್ಲವಲ್ಲ.

ಸಿಟ್ರೇಟಿಗೆ ಪೊಟ್ಯಾಸಿಯಂ ಸಿಟ್ರೇಟ್ ಬರೆದುಕೊಟ್ಟರು. ನುಂಗಿದ ಸಿಟ್ರೇಟೇ ಮೂತ್ರಕ್ಕೆ ಬರುತ್ತದೆ ಅಂತ ನಾನಂದುಕೊಂಡಿದ್ದೆ. ಬಹುಪಾಲು ಹಾಗಲ್ಲವಂತೆ. ಅದು ಮೈಯಲ್ಲಿ ಬೈಕಾರ್ಬೊನೇಟ್ ಆಗಿ ಆಮ್ಲವನ್ನು ತಗ್ಗಿಸುತ್ತದೆ. ಆಮ್ಲ ಜಾಸ್ತಿ ಇದ್ದಾಗ ಕಿಡ್ನಿ ಸಿಟ್ರೇಟನ್ನು ವಾಪಸ್ ಎಳೆದುಕೊಳ್ಳುತ್ತದೆ, ಆಮ್ಲ ತಗ್ಗಿದರೆ ಹೊರಗೆ ಬಿಡುತ್ತದೆ. ಹೀಗೆ ಬಂದ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಕೈಹಿಡಿದು, ಆಕ್ಸಲೇಟ್ ಜೊತೆ ಸೇರದಂತೆ ನೋಡಿಕೊಳ್ಳುತ್ತದೆ. ಆದರೆ ಅತಿಯಾದರೆ ಮೂತ್ರ ಕ್ಷಾರವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಾಗಬಹುದು. ಅದಕ್ಕೇ ನಡುವೆ ಮೂತ್ರದ ಪಿಎಚ್, ರಕ್ತದ ಪೊಟ್ಯಾಸಿಯಂ ಎರಡನ್ನೂ ನೋಡಿಸಿದರು.

ಮೂರು ತಿಂಗಳ ಮೇಲೆ ಮತ್ತೆ ಕ್ಯಾನ್. ಅಷ್ಟರಲ್ಲಿ ದಿನಾ ಜಾಸ್ತಿ ನೀರು ಕುಡಿಯುವುದು ರೂಢಿಯಾಗಿತ್ತು. ಮೂತ್ರ 2.6 ಲೀಟರ್, ಆಕ್ಸಲೇಟ್ 36, ಸಿಟ್ರೇಟ್ 520, ಕ್ಯಾಲ್ಸಿಯಂ 205. ಕ್ಯಾಲ್ಸಿಯಂ ಏರಿದ್ದು ನೋಡಿ ಎದೆ ಧಸಕ್ಕೆಂದಿತು. ಹಾಲಿನದ್ದೇ ಕೆಲಸ, ಮತ್ತೆ ಬಿಡಬೇಕೇನೋ ಅಂದೆ. ಡಾಕ್ಟರು ಲೀಟರಿಗೆ ಭಾಗಿಸಿ ನೋಡಿ ಅಂದರು. ಭಾನುವಾರದ ರಿಪೋರ್ಟಿನಲ್ಲಿ ಲೀಟರಿಗೆ 131 ಇದ್ದ ಕ್ಯಾಲ್ಸಿಯಂ ಈಗ 79. ಆಕ್ಸಲೇಟ್ 40ರಿಂದ 14ಕ್ಕೆ ಬಂದಿತ್ತು. ಹರಳು ಕಟ್ಟುವುದು ಒಟ್ಟು ಮೊತ್ತದಿಂದಲ್ಲ, ಎಷ್ಟು ದಟ್ಟ ಇದೆ ಅನ್ನುವುದರಿಂದ. ಮೊದಲ ರಿಪೋರ್ಟಿನ ದಿನ ಇದನ್ನು ಹೇಳಿದ್ದರೆ ನನ್ನ ತಲೆಗೆ ಹೋಗುತ್ತಿರಲಿಲ್ಲ, ಬಿಡಿ.

ಇಷ್ಟೆಲ್ಲ ಮಾತಾಡುವ ಮೊದಲು ಅವರ ಬೆರಳು ಈ ಸಲವೂ ಕೆಳಗಿನ ಸಾಲಿಗೇ ಹೋಗಿತ್ತು. 1,490. "ಆಫೀಸಿಗೆ ರಜೆ ಹಾಕಿದ್ದಿರಾ?" ಅಂದರು. ಇಲ್ಲ, ಕ್ಯಾನನ್ನೇ ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ ಅಂದೆ.