ಅರಿಶಿನ ಬಣ್ಣದ ವೇಲನ್ನು ಮರೂನ್ ಮಾಡಿದ ಕಥೆ

ಶಿರಸಿಯ ಸ್ಟುಡಿಯೋದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹುಡುಗಿ ತನ್ನ ಫೋಟೋದ ಅರಿಶಿನ ಬಣ್ಣದ ವೇಲನ್ನು ಮರೂನ್ ಮಾಡಿಕೊಡಿ ಅಂದಳು. ಫೋಟೋಶಾಪ್‌ನಲ್ಲಿ ವೇಲನ್ನು ಸೆಲೆಕ್ಟ್ ಮಾಡಿ, ಮೇಲೆ ಮರೂನ್ ಲೇಯರ್ ಹಾಕಿ, Color ಮೋಡ್‌ಗೆ ಬದಲಾಯಿಸಿದೆ. ತಿಳಿ ಗುಲಾಬಿ ಬಂತು. ಗಾಢವಾಗಲಿ ಅಂತ ಸ್ಯಾಚುರೇಶನ್ ಏರಿಸಿದೆ. ಅವಳು ನೋಡಿ, "ಅಣ್ಣಾ, ಇದು ಬಟ್ಟೆ ಥರ ಕಾಣೋದಿಲ್ಲ, ಪೇಂಟ್ ಬಳಿದ ಹಾಗಿದೆ" ಅಂದಳು. ನಿಜವೇ ಆಗಿತ್ತು.

Color ಮೋಡ್ ಬಣ್ಣವನ್ನು ಮಾತ್ರ ಬದಲಿಸುತ್ತದೆ, ಹೊಳಪನ್ನು ಮುಟ್ಟುವುದಿಲ್ಲ. ಹಳದಿ ಬೆಳಕಿನ ಬಣ್ಣ, ಮರೂನ್ ಕತ್ತಲಿನ ಬಣ್ಣ. ಹಳದಿಯ ಹೊಳಪು ಹಾಗೇ ಉಳಿದರೆ ಮರೂನ್ ಎಲ್ಲಿಂದ ಬರಬೇಕು?

ಆವತ್ತಿನಿಂದ ನಾನು ಮೊದಲು ಹಳದಿಯನ್ನೇ ತೆಗೆಯುತ್ತೇನೆ. ಒಂದು ಗ್ರೂಪ್ ಮಾಡಿ, ವೇಲಿನ ಮಾಸ್ಕನ್ನು ಗ್ರೂಪಿಗೇ ಹಾಕುತ್ತೇನೆ. ಒಳಗೆ ಕೆಳಗಡೆ Black & White ಲೇಯರ್, ಅದರ ಮೇಲೆ Solid Color ಲೇಯರ್, ಮೋಡ್ Multiply. ಬಣ್ಣ ಕೆಂಪು 125, ಹಸಿರು 20, ನೀಲಿ 40. 255ರ ಅಳತೆಯಲ್ಲಿ ಮಡಿಕೆಯ ಬೆಳಕಿನ ಭಾಗ 220 ಇದ್ದು ನೆರಳು 110 ಇತ್ತು ಅಂದುಕೊಳ್ಳಿ. Multiply ಎರಡನ್ನೂ ಗುಣಿಸಿ 255ರಿಂದ ಭಾಗಿಸಿದಾಗ ಕೆಂಪು 108 ಮತ್ತು 54ರ ಆಸುಪಾಸಿಗೆ ಬರುತ್ತದೆ. ಬೆಳಕು ನೆರಳಿನ ಎರಡು ಪಟ್ಟು, ಮೊದಲೂ ಅಷ್ಟೇ, ಈಗಲೂ ಅಷ್ಟೇ. ಮಡಿಕೆ ಮಡಿಕೆಯಾಗಿ ಉಳಿಯುವುದು ಅದಕ್ಕೇ. ನೇಯ್ಗೆಯ ಎಳೆ ಕೂಡ ಹಾಗೇ ಉಳಿಯುತ್ತದೆ. ಕಪ್ಪು ಜಾಸ್ತಿಯಾಯಿತು ಅನಿಸಿದರೆ Black & White ಲೇಯರಿನಲ್ಲಿ Yellows ಸ್ಲೈಡರ್ ಸ್ವಲ್ಪ ಏರಿಸಿದರೆ ಸಾಕು.

ರೇಷ್ಮೆಗೆ ಇಷ್ಟು ಸಾಲದು. ರೇಷ್ಮೆಯ ಮಡಿಕೆಯ ತುದಿಯಲ್ಲಿ ಬಿಳಿ ಮಿಂಚು ಇರುತ್ತದೆ, Multiply ಅದನ್ನೂ ಮರೂನ್ ಮಾಡಿಬಿಡುತ್ತದೆ. ಅಲ್ಲಿ Solid Color ಲೇಯರಿನ ಮಾಸ್ಕನ್ನು ಮೆತ್ತಗಿನ ಬ್ರಷ್‌ನಿಂದ, ತೀರಾ ಕಡಿಮೆ ಒಪಾಸಿಟಿಯಲ್ಲಿ, ಒಂಚೂರು ಕಪ್ಪು ಮಾಡುತ್ತೇನೆ. ಹತ್ತಿ ಬಟ್ಟೆಗೆ ಹೀಗೆ ಮಾಡಬೇಡಿ, ಸುಣ್ಣ ತಾಗಿದ ಹಾಗೆ ಕಾಣುತ್ತದೆ.

ಅಷ್ಟೆಲ್ಲ ಮಾಡಿದರೂ ಆವತ್ತು ಏನೋ ಸರಿ ಇರಲಿಲ್ಲ. ಎಷ್ಟೋ ಹೊತ್ತು ವೇಲನ್ನೇ ನೋಡುತ್ತಾ ಕೂತಿದ್ದೆ. ತಪ್ಪು ಇದ್ದದ್ದು ಗಲ್ಲದ ಕೆಳಗೆ! ಹಳದಿ ವೇಲಿನ ಬೆಳಕು ಅಲ್ಲಿ ಬಿದ್ದು ಚರ್ಮ ಹಳದಿಯಾಗಿತ್ತು. ಮರೂನ್ ವೇಲಿನ ಮೇಲೆ ಹಳದಿ ಗಲ್ಲ ಹೇಗೆ ಬರುತ್ತದೆ, ಅಲ್ವಾ? ಕೆನ್ನೆಯ ಬಣ್ಣ ತೆಗೆದುಕೊಂಡು ಹೊಸ ಲೇಯರಿನಲ್ಲಿ, Color ಮೋಡಿನಲ್ಲಿ, ತೆಳುವಾಗಿ ಸವರಿದೆ. ತಕ್ಷಣ ವೇಲು ಮೈಮೇಲೆ ಕೂತಿತು. ಬೇಡವೆನಿಸಿದ್ದ Color ಮೋಡ್ ಇಲ್ಲಿ ಬೇಕಾಯಿತು, ಯಾಕೆಂದರೆ ಗಲ್ಲದ ಹೊಳಪು ಬದಲಾಗುವುದು ಬೇಕಿರಲಿಲ್ಲ.

ಯಾರಾದರೂ ಕಪ್ಪು ವೇಲನ್ನು ತಿಳಿ ಬಣ್ಣ ಮಾಡಿ ಅಂದರೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಕಪ್ಪಿನೊಳಗೆ ಮಡಿಕೆಯೇ ದಾಖಲಾಗಿರದಿದ್ದರೆ ಬೆಳಗಿಸಿದಾಗ ಬರುವುದು ಬರೀ ಕಾಳುಕಾಳು. ಆ ವೇಲು ತನ್ನಿ, ಇನ್ನೊಂದು ಫೋಟೋ ತೆಗೆಯೋಣ.